ಮೀಟರ್ ವಾಪಸ್ ಹೋಯಿತು, ಠೇವಣಿಯ ಬಡ್ಡಿ ಎಲ್ಲಿ?

ಕರೆಂಟ್ ಬಿಲ್ಲಿನ ಸಾಲುಗಳೆಲ್ಲ ಹೆಚ್ಚುಕಮ್ಮಿ ಒಂದೇ ದಿಕ್ಕಿನವು. ನಿಗದಿತ ಶುಲ್ಕ, ಯೂನಿಟ್ಟಿನ ಲೆಕ್ಕ, ತೆರಿಗೆ, ಹಳೇ ಬಾಕಿ, ಬಾಕಿಯ ಮೇಲಿನ ಬಡ್ಡಿ ಎಲ್ಲವೂ ನಮ್ಮ ಜೇಬಿನಿಂದ ಹೋಗುವವು. ವರ್ಷಕ್ಕೊಮ್ಮೆ ಮಾತ್ರ, ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್ ಒಳಗಿನ ಯಾವುದೋ ಒಂದು ಬಿಲ್ಲಿನಲ್ಲಿ, ಎದುರು ದಿಕ್ಕಿನಿಂದ ಒಂದು ಸಣ್ಣ ಮೊತ್ತ ಬರುತ್ತದೆ. ಸಂಪರ್ಕ ತೆಗೆದುಕೊಳ್ಳುವಾಗ ನಾವು ಕಟ್ಟಿದ ಭದ್ರತಾ ಠೇವಣಿಯ ಮೇಲಿನ ಬಡ್ಡಿ ಅದು. ಇನ್ನೂರೋ ಮುನ್ನೂರೋ ರೂಪಾಯಿ ಜಮಾ ಆಗಿರುತ್ತದೆ. ಈ ತಿಂಗಳು ಬಿಲ್ ಯಾಕೋ ಕಡಿಮೆ ಬಂತಲ್ಲ ಎಂದು ಖುಷಿಪಟ್ಟು ಕಟ್ಟಿಬಿಡುತ್ತೇವೆ. ಆ ಸಾಲನ್ನು ನಿಂತು ಓದುವವರು ಕಡಿಮೆ.

ಸಂಪರ್ಕ ಚಾಲ್ತಿಯಲ್ಲಿರುವಷ್ಟು ಕಾಲ ಓದದಿದ್ದರೂ ದೊಡ್ಡ ನಷ್ಟವಿಲ್ಲ, ಕಂಪ್ಯೂಟರ್ ತನ್ನ ಕೆಲಸ ಮಾಡುತ್ತಿರುತ್ತದೆ. ತೊಡಕು ಶುರುವಾಗುವುದು ಅಂಗಡಿ ಮುಚ್ಚುವಾಗ, ಹಳೇ ಮನೆ ಕೆಡವುವಾಗ, ಶೆಡ್ಡು ಖಾಲಿ ಮಾಡುವಾಗ. ಮೀಟರ್ ಸರೆಂಡರ್ ಮಾಡಿ ಕೊನೆಯ ಬಿಲ್ ತೀರಿಸಿ ಠೇವಣಿ ಕೇಳಿದಾಗ ಅಸಲು ಹೇಗೋ ಬರುತ್ತದೆ. ಆದರೆ ಆ ವರ್ಷದ ಮುರಿದ ತಿಂಗಳುಗಳ ಬಡ್ಡಿ, ಕೆಲವೊಮ್ಮೆ ಅದರ ಹಿಂದಿನ ಇಡೀ ವರ್ಷದ ಬಡ್ಡಿ, ಲೆಕ್ಕಕ್ಕೆ ಬಾರದೆ ಉಳಿಯಬಹುದು. ಅದು ಯಾಕೆ ಉಳಿಯುತ್ತದೆ, ಉಳಿದದ್ದನ್ನು ಕಂಡುಹಿಡಿಯುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಠೇವಣಿ ಏನು ಎಂಬುದು ಸ್ಪಷ್ಟವಾಗಲಿ. ನಾವು ಕರೆಂಟನ್ನು ಮೊದಲು ಬಳಸಿ ಆಮೇಲೆ ದುಡ್ಡು ಕೊಡುವವರು. ತಿಂಗಳಿಡೀ ಬಳಸಿದ ಮೇಲೆ ರೀಡಿಂಗ್ ಆಗಿ, ಬಿಲ್ ಬಂದು, ಕಟ್ಟಲು ಇನ್ನೊಂದಿಷ್ಟು ದಿನ ಸಿಗುತ್ತದೆ. ಅಷ್ಟರಲ್ಲಿ ನಾವು ಊರು ಬಿಟ್ಟರೆ ಕಂಪನಿಗೆ ನಷ್ಟ. ಅದಕ್ಕಾಗಿ ಸುಮಾರು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣವನ್ನು ಮುಂಚೆಯೇ ಇಟ್ಟುಕೊಳ್ಳುವುದು ಕರ್ನಾಟಕದ ಪದ್ಧತಿ. ಬಳಕೆ ಹೆಚ್ಚಾದರೆ ಎರಡು ತಿಂಗಳ ಸರಾಸರಿಯೂ ಏರುತ್ತದೆ. ಆಗ ಬೇಸಿಗೆಯಲ್ಲಿ ಹೆಚ್ಚುವರಿ ಭದ್ರತಾ ಠೇವಣಿಯ ನೋಟಿಸು ಬರುತ್ತದೆ, ಕಟ್ಟಲು ಮೂವತ್ತು ದಿನ ಕೊಡುತ್ತಾರೆ. ಕಚೇರಿಯ ಸಿಬ್ಬಂದಿಯ ಬಾಯಲ್ಲಿ ಇದು ಎಎಸ್‌ಡಿ. ಹಳಬರು ಇನ್ನೂ ಎಂಎಂಡಿ ಎಂದೇ ಹೇಳುತ್ತಾರೆ. ಹೀಗೆ ಹತ್ತು ವರ್ಷ ಹಳೆಯದಾದ ಒಂದು ಸಂಪರ್ಕದ ಠೇವಣಿ ಒಂದೇ ದಿನ ಕಟ್ಟಿದ್ದಾಗಿರುವುದು ಅಪರೂಪ. ಮೂರು ನಾಲ್ಕು ಕಂತಿನಲ್ಲಿ, ಬೇರೆಬೇರೆ ತಾರೀಖಿನಲ್ಲಿ ಸೇರಿಕೊಂಡದ್ದಾಗಿರುತ್ತದೆ. ಈ ತಾರೀಖುಗಳು ಮುಂದೆ ಬೇಕಾಗುತ್ತವೆ.

ಸಂಪರ್ಕ ಪಡೆಯುವಾಗ ಕಟ್ಟಿದ ಎಲ್ಲ ಹಣವೂ ಠೇವಣಿಯಲ್ಲ. ನೋಂದಣಿ ಶುಲ್ಕ, ಅಭಿವೃದ್ಧಿ ಶುಲ್ಕ, ಮೇಲ್ವಿಚಾರಣಾ ಶುಲ್ಕ ಮುಂತಾದವು ಕಟ್ಟಿದಲ್ಲಿಗೆ ಮುಗಿದವು. ಗುತ್ತಿಗೆದಾರನಿಗೆ ಕೊಟ್ಟದ್ದಂತೂ ಕಂಪನಿಯ ಲೆಕ್ಕಕ್ಕೇ ಬಂದಿರುವುದಿಲ್ಲ. “ಅವತ್ತು ಇಪ್ಪತ್ತು ಸಾವಿರ ಖರ್ಚಾಗಿತ್ತು ಸಾರ್, ಈಗ ಮೂರು ಸಾವಿರ ಅಂತಾರೆ” ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಈ ಗೊಂದಲವೇ ಇರುತ್ತದೆ. ರಸೀದಿಯಲ್ಲಿ ಭದ್ರತಾ ಠೇವಣಿ ಎಂದು ಬರೆದಿರುವ ಮೊತ್ತ ಮಾತ್ರ ವಾಪಸ್ ಬರುವ ಹಣ, ಬಡ್ಡಿ ಹುಟ್ಟುವುದೂ ಅದರ ಮೇಲೇ.

ಬಡ್ಡಿ ಕಂಪನಿ ತೋರಿಸುವ ಔದಾರ್ಯವಲ್ಲ. 2003ರ ವಿದ್ಯುತ್ ಕಾಯ್ದೆಯ 47ನೇ ಕಲಂ ಠೇವಣಿ ಕೇಳುವ ಅಧಿಕಾರ ಕೊಟ್ಟಿರುವಂತೆಯೇ, ಅದರ 4ನೇ ಉಪಕಲಂ ಆ ಹಣಕ್ಕೆ ಬ್ಯಾಂಕ್ ದರದಷ್ಟು ಅಥವಾ ರಾಜ್ಯದ ಆಯೋಗ ಹೇಳಿದರೆ ಅದಕ್ಕಿಂತ ಹೆಚ್ಚು ಬಡ್ಡಿ ಕೊಡಲೇಬೇಕು ಎಂದೂ ಹೇಳಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2005ರಲ್ಲಿ ಠೇವಣಿಯ ಬಡ್ಡಿಗೆಂದೇ ನಿಯಮಾವಳಿ ಮಾಡಿತು. ಅದರ ಪ್ರಕಾರ ಆಯಾ ಹಣಕಾಸು ವರ್ಷದ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರ ಎಷ್ಟಿರುತ್ತದೋ ಅದೇ ಆ ವರ್ಷದ ಬಡ್ಡಿ ದರ. ನಡುವೆ ರಿಸರ್ವ್ ಬ್ಯಾಂಕ್ ದರ ಏರಿಸಲಿ ಇಳಿಸಲಿ, ಠೇವಣಿಗೆ ಏಪ್ರಿಲ್ 1ರ ದರವೇ.

ಬ್ಯಾಂಕ್ ದರ ಎಂದರೆ ನಮ್ಮ ಎಫ್‌ಡಿ ದರವಲ್ಲ, ಟಿವಿಯಲ್ಲಿ ದಿನಾ ಕೇಳುವ ರೆಪೋ ದರವೂ ಅಲ್ಲ. ಈಚಿನ ವರ್ಷಗಳಲ್ಲಿ ಅದು ರೆಪೋಗಿಂತ ಕಾಲು ಪರ್ಸೆಂಟ್ ಮೇಲೆ ಇದೆ. 2020ರ ಏಪ್ರಿಲ್ 1ರಂದು ಅದು ಶೇ 4.65 ಇತ್ತು, 2021 ಮತ್ತು 2022ರಲ್ಲಿ ಶೇ 4.25ಕ್ಕೆ ಇಳಿದಿತ್ತು, 2023 ಮತ್ತು 2024ರಲ್ಲಿ ಶೇ 6.75 ಆಗಿತ್ತು, 2025ರ ಏಪ್ರಿಲ್ 1ರಂದು ಶೇ 6.50. ನಾವು ಬಿಲ್ ಕಟ್ಟುವುದು ತಡವಾದರೆ ತಿಂಗಳಿಗೆ ಶೇ 1ರಂತೆ, ಅಂದರೆ ವರ್ಷಕ್ಕೆ ಶೇ 12ರಂತೆ ಬಡ್ಡಿ ಬೀಳುತ್ತದೆ. ನಮ್ಮ ಹಣಕ್ಕೆ ಅವರು ಕೊಡುವುದು ಅದರ ಅರ್ಧದ ಆಸುಪಾಸು. ಇದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ, ಆದರೆ ಕಾನೂನು ಇರುವುದೇ ಹಾಗೆ.

ಇದು ಸರಳ ಬಡ್ಡಿ. ಪ್ರತಿ ವರ್ಷದ ಬಡ್ಡಿ ಬಿಲ್ಲಿಗೆ ಜಮಾ ಆಗಿ ಅಲ್ಲಿಗೇ ಖರ್ಚಾಗುತ್ತದೆ, ಅಸಲಿಗೆ ಸೇರುವುದಿಲ್ಲ. ಆದ್ದರಿಂದ ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಸಾವಿರ ರೂಪಾಯಿ ಈಗ ನಾಲ್ಕು ಸಾವಿರವಾಗಿರಬೇಕು ಎಂಬ ಲೆಕ್ಕ ನಡೆಯುವುದಿಲ್ಲ. ಅಸಲು ಸಾವಿರವೇ. ಕೇಳಬೇಕಾದ್ದು ವರ್ಷ ವರ್ಷದ ಬಡ್ಡಿ ಜಮಾ ಆಗಿದೆಯೇ ಎಂಬುದನ್ನು.

ಈಗ ಒಂದು ಲೆಕ್ಕವನ್ನೇ ಕೈಗೆತ್ತಿಕೊಳ್ಳೋಣ. ತಾಲ್ಲೂಕು ಪಟ್ಟಣವೊಂದರಲ್ಲಿ ಒಬ್ಬ ಹೆಣ್ಣುಮಗಳ ಟೈಲರಿಂಗ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಸಂಪರ್ಕ ಆಕೆಯ ಹೆಸರಿನಲ್ಲೇ ಇದೆ. ಅಂಗಡಿ ತೆರೆದ 2016ರಲ್ಲಿ ಕಟ್ಟಿದ ಠೇವಣಿ ₹3,000. ಹೊಲಿಗೆ ಯಂತ್ರ ಹೆಚ್ಚಾದ ಮೇಲೆ 2019ರಲ್ಲಿ ಎಎಸ್‌ಡಿ ನೋಟಿಸಿಗೆ ಕಟ್ಟಿದ್ದು ₹1,800. ಕೊನೆಗೆ 2024ರ ಜೂನ್ 10ರಂದು ಕಟ್ಟಿದ್ದು ₹2,400. ಒಟ್ಟು ₹7,200. 2025ರ ಸೆಪ್ಟೆಂಬರ್ 20ರಂದು ಆಕೆ ಅಂಗಡಿ ಮುಚ್ಚಿ ಮೀಟರ್ ವಾಪಸ್ ಕೊಡುತ್ತಾರೆ. ಕೊನೆಯ ರೀಡಿಂಗಿನ ಬಿಲ್ ₹1,340.

ಕೌಂಟರಿನಲ್ಲಿ ನಡೆಯುವ ಮಾತು ಬಹುತೇಕ ಹೀಗಿರುತ್ತದೆ:

“ಸಾರ್, ನನ್ನ ಡೆಪಾಸಿಟ್ಟಲ್ಲಿ ಈ ಬಿಲ್ ಮುರ್ಕೊಂಡು ಉಳಿದಿದ್ದು ಕೊಡಿ.”

“ಹಂಗಾಗಲ್ಲ ಮೇಡಂ. ಮೊದ್ಲು ಫೈನಲ್ ಬಿಲ್ ಕಟ್ಬಿಡಿ. ಡೆಪಾಸಿಟ್ ಫೈಲ್ ಬೇರೆ, ಅದು ಅಕೌಂಟ್ಸ್ ಸೆಕ್ಷನ್‌ಗೆ ಹೋಗ್ಬೇಕು.”

“ಬಡ್ಡಿ?”

“ಬಡ್ಡಿ ಎಲ್ಲಾ ವರ್ಷಾ ವರ್ಷಾ ಬಿಲ್ಲಲ್ಲಿ ಬಂದಿರುತ್ತಲ್ಲ ಮೇಡಂ.”

ಆ ಕೊನೆಯ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ವರ್ಷದ ಬಡ್ಡಿ ಲೆಕ್ಕ ಹಾಕುವುದು ಹಣಕಾಸು ವರ್ಷ ಮುಗಿದ ಮೇಲೆ, ಎಲ್ಲ ಗ್ರಾಹಕರಿಗೂ ಒಟ್ಟಿಗೆ. 2024–25ರ ಬಡ್ಡಿ 2025ರ ಬೇಸಿಗೆಯ ಬಿಲ್ಲಿನಲ್ಲಿ ಬರುತ್ತದೆ, 2025–26ರದು 2026ರ ಬೇಸಿಗೆಯಲ್ಲಿ. ಈಕೆಯ ಖಾತೆ 2025ರ ಸೆಪ್ಟೆಂಬರಿನಲ್ಲೇ ಮುಗಿದುಹೋಗಿದೆ. 2026ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಬಡ್ಡಿ ಹಂಚಲು ಕೂತಾಗ ಆ ಖಾತೆ ಚಾಲ್ತಿಯಲ್ಲೇ ಇರುವುದಿಲ್ಲ, ಜಮಾ ಮಾಡಲು ಮುಂದಿನ ಬಿಲ್ಲೂ ಇಲ್ಲ. ಹಾಗಾಗಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 20ರವರೆಗಿನ ಬಡ್ಡಿಯನ್ನು ಯಾರಾದರೂ ಈಗಲೇ, ಕೊನೆಯ ಲೆಕ್ಕದಲ್ಲೇ ಬೇರೆಯಾಗಿ ಸೇರಿಸಬೇಕು. ಸೇರಿಸದಿದ್ದರೆ ಅದು ಮತ್ತೆ ತಾನಾಗಿ ಬರುವ ದಾರಿಯಿಲ್ಲ. ಯಾರದೋ ದುರುದ್ದೇಶ ಇದಕ್ಕೆ ಬೇಕಿಲ್ಲ, ವ್ಯವಸ್ಥೆಯ ತಿರುಗುವ ಕ್ರಮವೇ ಸಾಕು.

ಆ ಮೊತ್ತ ಎಷ್ಟು? ₹7,200ಕ್ಕೆ ಶೇ 6.50ರಂತೆ ವರ್ಷಕ್ಕೆ ₹468. ಏಪ್ರಿಲ್ 1ರಿಂದ ಸೆಪ್ಟೆಂಬರ್ 20ರವರೆಗೆ 173 ದಿನ. 468ನ್ನು 173ರಿಂದ ಗುಣಿಸಿ 365ರಿಂದ ಭಾಗಿಸಿದರೆ ₹221.82, ಸುಮಾರು ₹222. ಠೇವಣಿ ಮತ್ತು ಈ ಬಡ್ಡಿ ಸೇರಿ ₹7,422. ಕೊನೆಯ ಬಿಲ್ ₹1,340 ಕಳೆದರೆ ಆಕೆಗೆ ಬರಬೇಕಾದ್ದು ₹6,082. ಬಿಲ್ಲನ್ನು ಮೊದಲೇ ಕೈಯಿಂದ ಕಟ್ಟಿದ್ದರೆ ವಾಪಸ್ ಬರಬೇಕಾದ್ದು ಪೂರ್ತಿ ₹7,422. ಕೈಗೆ ಬಂದದ್ದು ₹5,860 ಅಥವಾ ₹7,200 ಎಂದಿದ್ದರೆ ಬಡ್ಡಿ ಬಿಟ್ಟುಹೋಗಿದೆ ಎಂದೇ ಅರ್ಥ. ಮೊತ್ತ ದುಂಡಗಿದ್ದರೆ ಅನುಮಾನ ಪಡಬೇಕು ಎಂಬುದು ಇಲ್ಲಿ ಒಳ್ಳೆಯ ಸೂತ್ರ, ಏಕೆಂದರೆ ದಿನಗಳ ಲೆಕ್ಕದ ಬಡ್ಡಿ ದುಂಡಗೆ ಬರುವುದು ತೀರಾ ಅಪರೂಪ.

ಇದಕ್ಕಿಂತ ದೊಡ್ಡ ನಷ್ಟ ಆಗುವ ಕಾಲವೊಂದಿದೆ. ಅದು ಏಪ್ರಿಲ್ ಮತ್ತು ಮೇ. ಮಕ್ಕಳ ಪರೀಕ್ಷೆ ಮುಗಿದು, ಶಾಲೆ ಬದಲಿಸಿ, ಊರು ಬದಲಿಸುವವರು ಮನೆ ಖಾಲಿ ಮಾಡುವುದು ಆಗಲೇ. ಏಪ್ರಿಲ್ 15ರಂದು ಸಂಪರ್ಕ ಮುಚ್ಚಿದವರ ಹಿಂದಿನ ಇಡೀ ವರ್ಷದ ಬಡ್ಡಿ ಇನ್ನೂ ಬಿಲ್ಲಿಗೆ ಇಳಿದಿರುವುದಿಲ್ಲ. ಅಂಥವರಿಗೆ ಕೊನೆಯ ಲೆಕ್ಕದಲ್ಲಿ ಎರಡು ಬಡ್ಡಿ ಸೇರಬೇಕು: ಮುಗಿದ ವರ್ಷದ ಹನ್ನೆರಡು ತಿಂಗಳದು, ಹೊಸ ವರ್ಷದ ಹದಿನೈದು ದಿನದ್ದು. ಎರಡಕ್ಕೂ ದರ ಬೇರೆಬೇರೆ ಇರಬಹುದು. ಆತುರವಿಲ್ಲದವರು ಬಡ್ಡಿ ಜಮಾ ಆದ ಬಿಲ್ ಬರುವವರೆಗೆ ಕಾಯಬಹುದಲ್ಲ ಎನ್ನಬಹುದು. ಆದರೆ ಆ ತಿಂಗಳುಗಳ ನಿಗದಿತ ಶುಲ್ಕ ಬಡ್ಡಿಯನ್ನೇ ತಿಂದುಹಾಕುತ್ತದೆ. ಕೇಳಿ ಪಡೆಯುವುದೇ ಲೇಸು.

ಟೈಲರಿಂಗ್ ಅಂಗಡಿಗೆ ಮರಳಿದರೆ, ಆಕೆಯ ಬಳಿ 2025ರ ಜೂನ್ ತಿಂಗಳ ಬಿಲ್ ಇದೆ ಎನ್ನಿ. ಅದರಲ್ಲಿ ಠೇವಣಿಯ ಬಡ್ಡಿ ಎಂದು ₹324 ಜಮಾ ಆಗಿದೆ. ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಈ ಸಾಲನ್ನು ತಿರುಗಿಸಿ ಓದಿದರೆ ಕಂಪನಿಯ ಪುಸ್ತಕದಲ್ಲಿ ನಮ್ಮ ಠೇವಣಿ ಎಷ್ಟಿದೆ ಎಂಬುದೇ ಹೊರಬೀಳುತ್ತದೆ. ಬಡ್ಡಿಯನ್ನು ನೂರರಿಂದ ಗುಣಿಸಿ ಆ ವರ್ಷದ ದರದಿಂದ ಭಾಗಿಸಬೇಕು, ಅಷ್ಟೆ. 2024–25ಕ್ಕೆ ದರ ಶೇ 6.75. 32,400ನ್ನು 6.75ರಿಂದ ಭಾಗಿಸಿದರೆ 4,800. ಅಂದರೆ ಬಡ್ಡಿ ಲೆಕ್ಕ ಹಾಕಿದವರು 2016ರ ₹3,000 ಮತ್ತು 2019ರ ₹1,800 ಮಾತ್ರ ಹಿಡಿದಿದ್ದಾರೆ. 2024ರ ಜೂನ್‌ನಲ್ಲಿ ಕಟ್ಟಿದ ₹2,400 ಅಲ್ಲಿಲ್ಲ.

ಆ ₹2,400ಕ್ಕೆ ಜೂನ್ 10ರಿಂದ ಮಾರ್ಚ್ 31ರವರೆಗಿನ 295 ದಿನದ ಬಡ್ಡಿ ಸುಮಾರು ₹131 ಸಿಗಬೇಕಿತ್ತು. ನಿಜವಾಗಿ ಜಮಾ ಆಗಬೇಕಿದ್ದದ್ದು ₹455. ವ್ಯತ್ಯಾಸ ನೂರ ಮೂವತ್ತೊಂದೇ ರೂಪಾಯಿ, ಹೋಗಲಿ ಬಿಡಿ ಎನ್ನಬಹುದು. ಆದರೆ ವಿಷಯ ನೂರ ಮೂವತ್ತೊಂದರದಲ್ಲ. ವರ್ಷದ ನಡುವೆ ಕಟ್ಟಿದ ಹಣವನ್ನು ಬಡ್ಡಿಗೆ ಹಿಡಿಯದೆ ಬಿಟ್ಟಿದ್ದಾರೋ, ಅಥವಾ ಆ ₹2,400 ಠೇವಣಿಯ ಖಾತೆಗೆ ಬರದೆ ಮಾಮೂಲಿ ಬಿಲ್ ಪಾವತಿ ಎಂದು ಜಮಾ ಆಗಿ ಮುಂದಿನ ಬಿಲ್ಲುಗಳಲ್ಲಿ ಕರಗಿಹೋಗಿದೆಯೋ ಎಂಬುದು ಪ್ರಶ್ನೆ. ಎರಡನೆಯದಾಗಿದ್ದರೆ ಅಸಲಿನ ಲೆಕ್ಕವೇ ಬದಲಾಗುತ್ತದೆ. ಎಎಸ್‌ಡಿ ಕಟ್ಟಿದ ಮುಂದಿನ ತಿಂಗಳು ಬಿಲ್ ಇದ್ದಕ್ಕಿದ್ದಂತೆ ಸೊನ್ನೆ ಅಥವಾ ಮೈನಸ್ ತೋರಿಸಿತ್ತೇ ಎಂದು ಹಳೇ ಬಿಲ್ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ತೋರಿಸಿತ್ತು ಎಂದಾದರೆ ಆ ಹಣ ಕರೆಂಟಿಗೇ ಖರ್ಚಾಗಿದೆ, ಮೋಸವೇನೂ ಆಗಿಲ್ಲ, ಆದರೆ ಠೇವಣಿ ಎಂದು ಕೇಳಲು ಬರುವುದಿಲ್ಲ. ತೋರಿಸಿರದಿದ್ದರೆ ರಸೀದಿ ಹಿಡಿದು ಕೇಳಬೇಕು.

ತುಂಬಾ ಹಳೆಯ ಸಂಪರ್ಕಗಳಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ಕೆಇಬಿ ಕಾಲದಲ್ಲಿ ಕಟ್ಟಿದ ಠೇವಣಿ ಕೈಬರಹದ ಲೆಡ್ಜರಿನಲ್ಲಿತ್ತು. 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂಗಳು ಬಂದವು, ಆಮೇಲೆ ಮೈಸೂರು ಭಾಗಕ್ಕೆ ಬೇರೆ ಕಂಪನಿಯಾಯಿತು, ನಡುವೆ ಕಂಪ್ಯೂಟರ್ ಬಂತು. ಇಷ್ಟು ಕೈ ದಾಟುವಾಗ ಎಲ್ಲ ಆರ್‌ಆರ್ ಸಂಖ್ಯೆಗಳ ಠೇವಣಿಯೂ ಒಂದು ರೂಪಾಯಿ ತಪ್ಪದೆ ದಾಟಿದೆ ಎಂದು ನಂಬಿ ಕೂರುವುದು ಕಷ್ಟ. ವರ್ಷಗಳಿಂದ ಬಡ್ಡಿಯ ಸಾಲೇ ಬಂದಿಲ್ಲ ಎಂದರೆ ಕಂಪ್ಯೂಟರಿನಲ್ಲಿ ಆ ಸಂಪರ್ಕದ ಠೇವಣಿ ಸೊನ್ನೆ ಎಂದಿರಬಹುದು. ಮನೆ ಮುಚ್ಚುವ ಹೊತ್ತಿಗೆ ಇದನ್ನು ಕಂಡುಹಿಡಿದರೆ ಹಳೇ ರಸೀದಿ ಹುಡುಕುವ ಪಾಡು. ಹಾಗಾಗಿ ಈಗಲೇ, ಸಂಪರ್ಕ ಚಾಲ್ತಿಯಲ್ಲಿರುವಾಗಲೇ, ಕಳೆದ ಬೇಸಿಗೆಯ ಬಿಲ್ ತೆಗೆದು ಮೇಲಿನ ಭಾಗಾಕಾರ ಒಂದು ಸಲ ಮಾಡಿ ನೋಡುವುದು ಒಳ್ಳೆಯದು.

ಇನ್ನು ಮುಚ್ಚುವ ಕ್ರಮ. ಇಲ್ಲಿ ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿದರೆ ಸಂಪರ್ಕ ಮುಗಿಯುವುದಿಲ್ಲ. ಯೂನಿಟ್ ಸೊನ್ನೆಯಾದರೂ ನಿಗದಿತ ಶುಲ್ಕ ನಡೆಯುತ್ತಲೇ ಇರುತ್ತದೆ. 2025–26ರಲ್ಲಿ ಮನೆ ಬಳಕೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ₹145 ನಿಗದಿಯಾಗಿತ್ತು. ಆ ದರದಲ್ಲಿ ಮೂರು ಕಿಲೋವ್ಯಾಟ್ ಮನೆಗೆ ಅದೊಂದೇ ತಿಂಗಳಿಗೆ ₹435, ವರ್ಷಕ್ಕೆ ₹5,220. ಗೃಹಜ್ಯೋತಿ ಇಲ್ಲದ ಖಾಲಿ ಮನೆಯೊಂದನ್ನು ವರ್ಷ ಬಿಟ್ಟು ನೋಡಲು ಬಂದರೆ ಠೇವಣಿಯನ್ನು ಬಾಕಿಯೇ ನುಂಗಿರುತ್ತದೆ. ಬಾಕಿಗೆ ಶೇ 12ರ ಬಡ್ಡಿ ಬೇರೆ. ಆಮೇಲೆ ಠೇವಣಿಯ ಬಡ್ಡಿ ಕೇಳುವುದಕ್ಕೆ ಏನು ಉಳಿದಿರುತ್ತದೆ?

ಆದ್ದರಿಂದ ಕಾಯಂ ಆಗಿ ಸಂಪರ್ಕ ಬೇಡ ಎಂದು ಬರೆದು ಕೊಟ್ಟು, ಸ್ವೀಕೃತಿ ಪಡೆಯಬೇಕು. ಸಾಮಾನ್ಯವಾಗಿ ಉಪವಿಭಾಗದ ಕಚೇರಿಯಲ್ಲಿ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ ಅರ್ಜಿ. ಕೊನೆಯದಾಗಿ ಕಟ್ಟಿದ ಬಿಲ್, ಠೇವಣಿಯ ಮೂಲ ರಸೀದಿ, ಗುರುತಿನ ಚೀಟಿ, ಬ್ಯಾಂಕ್ ಖಾತೆಯ ರದ್ದಾದ ಚೆಕ್ ಜೊತೆಗಿರಲಿ. ಮೂಲ ರಸೀದಿ ಕಳೆದಿದ್ದರೆ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಕೇಳುವುದು ವಾಡಿಕೆ. ಕಾಯ್ದೆಯ 47ನೇ ಕಲಮಿನಲ್ಲಿ ಠೇವಣಿ ವಾಪಸಾತಿಯ ಮಾತು ಬರುವುದೇ “ಠೇವಣಿ ಕೊಟ್ಟವರು ಕೋರಿದಾಗ” ಎಂಬ ಅರ್ಥದಲ್ಲಿ. ಅಂದರೆ ಮೀಟರ್ ಕೊಟ್ಟರೆ ಸಾಲದು, ಹಣ ವಾಪಸ್ ಬೇಕೆಂದೂ ಕೇಳಬೇಕು. ಅರ್ಜಿಯಲ್ಲಿ ಈ ಎರಡು ವಾಕ್ಯ ಇದ್ದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ:

“ಮೇಲ್ಕಂಡ ಆರ್‌ಆರ್ ಸಂಖ್ಯೆಯ ಸ್ಥಾವರವನ್ನು ಕಾಯಂ ಆಗಿ ಸರೆಂಡರ್ ಮಾಡುತ್ತಿದ್ದು, ವಿಶೇಷ ರೀಡಿಂಗ್ ತೆಗೆದು ಅಂತಿಮ ಬಿಲ್ ನೀಡಬೇಕಾಗಿ ಕೋರುತ್ತೇನೆ. ನನ್ನ ಭದ್ರತಾ ಠೇವಣಿಯನ್ನು, ಇದುವರೆಗೆ ಜಮಾ ಆಗದ ಬಡ್ಡಿ ಹಾಗೂ ಚಾಲ್ತಿ ವರ್ಷದ ಏಪ್ರಿಲ್ 1ರಿಂದ ಠೇವಣಿ ಹೊಂದಾಣಿಕೆಯಾಗುವ ದಿನದವರೆಗಿನ ಬಡ್ಡಿ ಸಮೇತ ಲೆಕ್ಕ ಹಾಕಿ, ಲೆಕ್ಕದ ಪ್ರತಿಯೊಂದಿಗೆ ಮರುಪಾವತಿಸಬೇಕು.”

“ಹೊಂದಾಣಿಕೆಯಾಗುವ ದಿನದವರೆಗೆ” ಎಂಬುದನ್ನು ಬೇಕೆಂದೇ ಬರೆದಿದ್ದೇನೆ. ಹಣ ಕಂಪನಿಯ ಕೈಯಲ್ಲಿ ಇರುವಷ್ಟು ದಿನ ಅದು ಠೇವಣಿಯೇ. ಮೀಟರ್ ಬಿಚ್ಚಿದ ದಿನಕ್ಕೇ ಬಡ್ಡಿ ನಿಲ್ಲುತ್ತದೆ ಎಂದು 47ನೇ ಕಲಂ ಎಲ್ಲೂ ಹೇಳಿಲ್ಲ. ಕಚೇರಿ ಇದನ್ನು ಒಪ್ಪದಿದ್ದರೂ ಮೀಟರ್ ಬಿಚ್ಚಿದ ದಿನದವರೆಗಿನ ಲೆಕ್ಕವನ್ನಾದರೂ ಕೊಡಬೇಕಾಗುತ್ತದೆ.

ಅಂತಿಮ ರೀಡಿಂಗ್ ತೆಗೆಯುವಾಗ ಅಲ್ಲಿ ನಿಂತಿರಬೇಕು. ಪವರ್‌ಮ್ಯಾನ್ ಮೀಟರಿನ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದಾದ ಮೇಲೊಂದು ಅಂಕಿ ಓಡುತ್ತವೆ: ತಾರೀಖು, ವೇಳೆ, ವೋಲ್ಟೇಜ್, ಒಟ್ಟು ಯೂನಿಟ್, ಗರಿಷ್ಠ ಬೇಡಿಕೆ. ನಮಗೆ ಬೇಕಾದ್ದು ಕೆಡಬ್ಲ್ಯೂಎಚ್ ಎಂದು ತೋರಿಸುವ ಒಟ್ಟು ಯೂನಿಟ್ಟಿನ ಅಂಕಿ. ಅದು ನಿಂತಾಗ, ಮೀಟರ್ ಸಂಖ್ಯೆಯೂ ಸೀಲೂ ಕಾಣುವಂತೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಖಾಲಿಯಿದ್ದ ಮನೆಗೆ ಇದು ಇನ್ನೂ ಮುಖ್ಯ. ಬಾಗಿಲು ಹಾಕಿತ್ತೆಂದು ಮೀಟರ್ ರೀಡರ್ ಎರಡು ಮೂರು ತಿಂಗಳು ಸರಾಸರಿ ಬಿಲ್ ಕೊಟ್ಟಿದ್ದರೆ, ಬಳಸದ ಯೂನಿಟ್ಟಿಗೂ ದುಡ್ಡು ಹೋಗಿರುತ್ತದೆ. ನಿಜವಾದ ರೀಡಿಂಗ್ ಬಂದಾಗ ಅದನ್ನು ಅಂತಿಮ ಬಿಲ್ಲಿನಲ್ಲಿ ವಾಪಸ್ ಜಮಾ ಮಾಡಬೇಕು. ಬಡ್ಡಿಗಿಂತ ಈ ಜಮಾ ದೊಡ್ಡದಾಗಿರುವುದೂ ಉಂಟು. ಬಿಚ್ಚಿದ ಮೀಟರಿಗೆ ಸ್ವೀಕೃತಿ ಬರೆಸಿಕೊಳ್ಳಿ. ಮೀಟರ್ ಕಚೇರಿಗೆ ಸೇರಿದ ತಾರೀಖೇ ನಿಗದಿತ ಶುಲ್ಕ ನಿಲ್ಲಬೇಕಾದ ತಾರೀಖಿಗೆ ಸಾಕ್ಷಿ.

ಅಂತಿಮ ಬಿಲ್ ಮೊದಲು ಕಟ್ಟಬೇಕೋ ಠೇವಣಿಯಲ್ಲಿ ಮುರಿದುಕೊಳ್ಳಬೇಕೋ ಎಂಬ ಪ್ರಶ್ನೆಗೆ ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಉತ್ತರವಿದೆ. ಗ್ರಾಹಕ ಕೇಳಿದರೆ ವಿಶೇಷ ರೀಡಿಂಗ್, ಅದರ ಮೇಲೆ ಅಂತಿಮ ಬಿಲ್, ಅದನ್ನು ಕಟ್ಟಿದ ಕೂಡಲೇ ಸಂಪರ್ಕ ಕಡಿತ. ರೀಡಿಂಗಿಗೂ ಕಡಿತಕ್ಕೂ ನಡುವೆ ಏನಾದರೂ ಬಳಕೆಯಾಗಿದ್ದರೆ ಅಷ್ಟನ್ನು ಠೇವಣಿಯಲ್ಲಿ ಮುರಿದುಕೊಂಡು, ಉಳಿದ ಠೇವಣಿಯನ್ನು ಆಯೋಗ ಹೇಳಿದ ಅವಧಿಯಲ್ಲಿ, ಅಂದರೂ ಏಳು ದಿನ ಮೀರದಂತೆ, ವಾಪಸ್ ಕೊಡಬೇಕು. ಹಾಗಾಗಿ “ಮೊದಲು ಬಿಲ್ ಕಟ್ಟಿ” ಎಂದ ಗುಮಾಸ್ತ ತಪ್ಪೇನೂ ಹೇಳಿಲ್ಲ. ತಪ್ಪಾಗುವುದು ಕಟ್ಟಿದ ಮೇಲೆ ಫೈಲು ತಿಂಗಳುಗಟ್ಟಲೆ ಕೂತರೆ. ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಮನೆ ಖಾಲಿ ಮಾಡುವವರಿಗೆ ಒಮ್ಮೆ ಅಂತಿಮ ಬಿಲ್ ಕೊಟ್ಟ ಮೇಲೆ, ಆ ತಾರೀಖಿಗೆ ಹಿಂದಿನ ಅವಧಿಗೆಂದು ಬಿಲ್ಲಿನಲ್ಲಿ ಇಲ್ಲದ ಹೊಸ ಬಾಕಿ ತೆಗೆಯುವ ಹಕ್ಕು ಕಂಪನಿಗಿಲ್ಲ. ಮೀಟರ್ ಹೋದ ಮೇಲೆ ಆಡಿಟ್ ಶಾರ್ಟ್ ಕ್ಲೈಮ್ ಎಂದು ಠೇವಣಿಯಿಂದ ಮುರಿದರೆ ಈ ನಿಯಮವನ್ನು ತೋರಿಸಬಹುದು. ಬಾಕಿ ಇಲ್ಲದ ಪ್ರಮಾಣಪತ್ರವನ್ನೂ ಅದೇ ಹೊತ್ತಿಗೆ ಕೇಳಿ ಪಡೆಯಿರಿ.

ಮನೆ ಮಾರುವವರಿಗೆ ಆ ಪತ್ರ ಇನ್ನೂ ಬೆಲೆಬಾಳುವುದು. ಹಿಂದಿನ ಮಾಲೀಕರ ಬಾಕಿಯನ್ನು, ನಿಯಮದಲ್ಲಿ ಅವಕಾಶವಿದ್ದರೆ, ಆಸ್ತಿ ಕೊಂಡವರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕೇರಳದ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಹೇಳಿದೆ. ಮಾರಾಟದಲ್ಲಿ ಸಂಪರ್ಕ ಮುಚ್ಚುವುದಿಲ್ಲ, ಹೆಸರು ಬದಲಾಗುತ್ತದೆ. ಠೇವಣಿಯೂ ಹೊಸಬರ ಹೆಸರಿಗೆ ಹೋಗುತ್ತದೆ. ಹಾಗಾದರೆ ಆ ಹಣವನ್ನು ಮಾರುವವರು ಕೊಳ್ಳುವವರಿಂದ ಪಡೆದುಕೊಳ್ಳಬೇಕು. ಲಕ್ಷಗಳ ವ್ಯವಹಾರದ ನಡುವೆ ಈ ಕೆಲವು ಸಾವಿರ ಯಾರಿಗೂ ನೆನಪಾಗುವುದಿಲ್ಲ.

ಬಾಡಿಗೆದಾರರ ವಿಷಯ ಇದಕ್ಕಿಂತ ಸಿಕ್ಕು. ಮೀಟರ್ ಮಾಲೀಕರ ಹೆಸರಿನಲ್ಲಿ, ಎಎಸ್‌ಡಿ ಬಂದದ್ದು ಬಾಡಿಗೆಯವರ ಬಿಲ್ಲಿನ ಜೊತೆಗೆ. ಕಟ್ಟದಿದ್ದರೆ ಕರೆಂಟು ತೆಗೆಯುತ್ತಾರೆಂದು ಹೆದರಿ ಅವರೇ ಕಟ್ಟುತ್ತಾರೆ. ಕಂಪನಿಯ ಲೆಕ್ಕದಲ್ಲಿ ಆ ಹಣ ಮಾಲೀಕರದು, ಮನೆ ಬಿಡುವಾಗ ಬಾಡಿಗೆಯವರು ಕಚೇರಿಗೆ ಹೋಗಿ ಕೇಳಿದರೆ ಕೊಡುವುದಿಲ್ಲ. ಬಡ್ಡಿಯೂ ಹಾಗೆಯೇ: ಬೇಸಿಗೆಯಲ್ಲಿ ಬಿಲ್ಲಿಗೆ ಜಮಾ ಆಗುವಾಗ ಯಾರು ಆ ಮನೆಯಲ್ಲಿರುತ್ತಾರೋ ಅವರಿಗೆ ಅದರ ಲಾಭ. ಫೆಬ್ರುವರಿಯಲ್ಲಿ ಬಿಟ್ಟುಹೋದವರ ಹತ್ತು ತಿಂಗಳ ಬಡ್ಡಿ ಮಾರ್ಚ್‌ನಲ್ಲಿ ಬಂದವರ ಬಿಲ್ಲನ್ನು ಇಳಿಸುತ್ತದೆ. ಇದಕ್ಕೆ ಕಚೇರಿಯಲ್ಲಿ ಪರಿಹಾರವಿಲ್ಲ, ಮಾಲೀಕರ ಜೊತೆಯೇ ತೀರಬೇಕು. ಎಎಸ್‌ಡಿ ಕಟ್ಟಿದ ದಿನವೇ ರಸೀದಿಯ ಫೋಟೊ ಮಾಲೀಕರಿಗೆ ವಾಟ್ಸಾಪ್ ಮಾಡಿ “ಇದು ನಿಮ್ಮ ಠೇವಣಿ, ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ” ಎಂದು ಹೇಳುವುದೇ ಸರಿ. ಮನೆ ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚೆಂದು ಮುರಿದುಕೊಳ್ಳುವ ಮಾಲೀಕರಿಗೆ ಈ ಲೆಕ್ಕ ಅರ್ಥವಾಗದೆ ಇರುವುದಿಲ್ಲ. ಗೃಹಜ್ಯೋತಿಗೆ ತಮ್ಮ ಆಧಾರ್ ಜೋಡಿಸಿದ ಬಾಡಿಗೆಯವರು ಮನೆ ಬಿಡುವಾಗ ಅದನ್ನು ಡಿ-ಲಿಂಕ್ ಮಾಡಿಸಿಕೊಳ್ಳಲು ಮರೆಯಬಾರದು, ಅದು ಠೇವಣಿಗೆ ಸಂಬಂಧಿಸಿದ್ದಲ್ಲ, ಆದರೆ ಅದೇ ದಿನದ ಕೆಲಸ.

ಸಂಪರ್ಕ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಠೇವಣಿಗೆ ವಾರಸುದಾರರ ಕಾಗದ ಕೇಳುತ್ತಾರೆ. ಮೊದಲು ಹೆಸರು ವರ್ಗಾವಣೆ ಮಾಡಿಸಿ ಆಮೇಲೆ ಸರೆಂಡರ್ ಮಾಡುವುದು ಸುತ್ತಿನ ದಾರಿಯಂತೆ ಕಂಡರೂ ಕೊನೆಗೆ ಅದೇ ಹತ್ತಿರ. ದೊಡ್ಡ ಠೇವಣಿ ಇರುವ ಕಾರ್ಖಾನೆ, ಅಕ್ಕಿ ಗಿರಣಿ, ಕಲ್ಯಾಣ ಮಂಟಪಗಳವರು ನೋಡಬೇಕಾದ್ದು ಇನ್ನೊಂದಿದೆ. 2025–26ರಲ್ಲಿ ವರ್ಷದ ಬಡ್ಡಿ ₹10,000 ದಾಟಿದರೆ ಶೇ 10ರಷ್ಟು ಟಿಡಿಎಸ್ ಮುರಿಯಬೇಕೆಂಬ ನಿಯಮವಿತ್ತು. ಬಂದ ಬಡ್ಡಿ ಕಡಿಮೆ ಕಂಡರೆ ಕಂಪನಿಯನ್ನು ಬೈಯುವ ಮೊದಲು ಆದಾಯ ತೆರಿಗೆಯ 26ಎಎಸ್ ಪಟ್ಟಿ ನೋಡುವುದು ಒಳ್ಳೆಯದು.

ಹಣ ಬಂದ ಮೇಲೆ ಲೆಕ್ಕ ಹೊಂದದಿದ್ದರೆ ಮೊದಲು ಉಪವಿಭಾಗಕ್ಕೇ ಬರೆದು ಕೇಳಬೇಕು. ಬರೀ “ಬಡ್ಡಿ ಕಡಿಮೆ ಬಂದಿದೆ” ಎಂದರೆ ಉತ್ತರ ಬರುವುದು ಕಷ್ಟ. ಕಟ್ಟಿದ ತಾರೀಖು, ಮೊತ್ತ, ದಿನಗಳು, ದರ, ಬರಬೇಕಾದ ಬಡ್ಡಿ ಎಂದು ಒಂದೇ ಹಾಳೆಯಲ್ಲಿ ಬರೆದು ರಸೀದಿಯ ಪ್ರತಿ ಅಂಟಿಸಿ ಕೊಟ್ಟರೆ ಗುಮಾಸ್ತರಿಗೂ ಕೆಲಸ ಹಗುರ, ಅವರು ಅದನ್ನು ತಾಳೆ ನೋಡಿದರಾಯಿತು. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದರೆ ತಾರೀಖಿಗೊಂದು ದಾಖಲೆಯಾಗುತ್ತದೆ. ಅಲ್ಲೂ ಆಗದಿದ್ದರೆ ಪ್ರತಿ ವಿದ್ಯುತ್ ಕಂಪನಿಯಲ್ಲೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಇನ್ನೂರು ರೂಪಾಯಿಗೆ ಅಷ್ಟು ದೂರ ಹೋಗುವವರು ಇರಲಿಕ್ಕಿಲ್ಲ. ಅದಕ್ಕೇ ಆ ಎರಡು ವಾಕ್ಯದ ಅರ್ಜಿಯನ್ನು ಮೀಟರ್ ಬಿಚ್ಚುವ ಮೊದಲೇ ಕೊಟ್ಟು, ಅಂತಿಮ ಬಿಲ್ ಕೈಗೆ ಬಂದ ದಿನವೇ ಬಡ್ಡಿಯ ಸಾಲು ಇದೆಯೇ ಎಂದು ನೋಡಿಕೊಳ್ಳಬೇಕು. ಫೈಲು ಟೇಬಲ್ಲಿನ ಮೇಲಿರುವಾಗ ಒಂದು ಸಾಲು ಸೇರಿಸುವುದು ಐದು ನಿಮಿಷದ ಕೆಲಸ, ಖಾತೆ ಮುಚ್ಚಿದ ಮೇಲೆ ಅದೇ ಸಾಲಿಗೆ ಹೊಸ ಫೈಲು ತೆರೆಯಬೇಕಾಗುತ್ತದೆ.